ತಾಳೆ ನೋಡಿದರೆ 26 ವಾಪಸ್ ಬರುತ್ತದೆ, ಆದರೂ ಬೈನರಿ ಉತ್ತರಕ್ಕೆ ಸೊನ್ನೆ. ಯಾಕೆ?

ಹಾಸನದ ಪೋಷಕಿ

ಮಗಳು ಪ್ರಥಮ ಪಿಯುಸಿ, ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದಾಳೆ. ಮೊನ್ನೆ ಕಿರುಪರೀಕ್ಷೆಯ ಪೇಪರ್ ಮನೆಗೆ ಬಂತು. ಸಂಖ್ಯಾ ಪದ್ಧತಿ ಪರಿವರ್ತನೆಯಲ್ಲಿ ಕೆಲವಕ್ಕೆ ಪೂರ್ತಿ ಅಂಕ, ಕೆಲವಕ್ಕೆ ಸೊನ್ನೆ. ಅವಳು ಎಲ್ಲವನ್ನೂ ಒಂದೇ ವಿಧಾನದಲ್ಲಿ ಮಾಡಿದ್ದಾಳೆ, ಅದೇ ನಮ್ಮಿಬ್ಬರಿಗೂ ಅರ್ಥವಾಗುತ್ತಿಲ್ಲ.

26 ಅನ್ನು ಬೈನರಿಗೆ ತರಬೇಕಿತ್ತು. 2ರಿಂದ ಭಾಗಿಸುತ್ತಾ ಹೋಗಿದ್ದಾಳೆ. ಶೇಷಗಳು ಮೇಲಿನಿಂದ 0, 1, 0, 1, 1. ಉತ್ತರ 01011 ಎಂದು ಬರೆದಿದ್ದಾಳೆ. ಪಕ್ಕದಲ್ಲೇ ತಾಳೆ ಕೂಡ ನೋಡಿದ್ದಾಳೆ. ಅಂಕಿಗಳ ಕೆಳಗೆ 1, 2, 4, 8, 16 ಬರೆದು, 2 + 8 + 16 = 26 ಎಂದು ಕೂಡಿಸಿದ್ದಾಳೆ. ಸರಿಯಾಗಿಯೇ ಇದೆ ಅಲ್ವಾ? ಅದರ ಮೇಲೆ ಕೆಂಪು ಗೀಟು, ಬೇರೆ ಏನೂ ಬರೆದಿಲ್ಲ.

9 ಮತ್ತು 45 ಸರಿ. 0.8125 ಕೂಡ ಸರಿ. 1011010 ಅನ್ನು ಆಕ್ಟಲ್‌ಗೆ, ಅಂದರೆ 8ರ ಪದ್ಧತಿಗೆ ತರುವುದು ತಪ್ಪು, ಅವಳು 550 ಎಂದು ಬರೆದಿದ್ದಾಳೆ. "ಒಂದೇ ಥರ ಮಾಡಿದರೆ ಅರ್ಧ ಸರಿ, ಅರ್ಧ ತಪ್ಪು ಹೇಗೆ ಆಗುತ್ತದೆ ಅಮ್ಮ" ಎಂದು ಕೇಳುತ್ತಾಳೆ. ನಾನು ಓದಿದ್ದು ಕಾಮರ್ಸ್. ಯಾರಾದರೂ ಬಿಡಿಸಿ ಹೇಳಿ.

ರಾಘು_ತುಮಕೂರು

ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಅಷ್ಟೇ. 11010.

ಬಯಲುಸೀಮೆ

ಮೇಡಂ, ತಾಳೆ ಸರಿ ಬಂದಿದೆ ಎಂದಮೇಲೆ ಮೌಲ್ಯಮಾಪನದಲ್ಲೇ ತಪ್ಪಾಗಿದೆ. ಸುಮ್ನೆ ಬಿಡಬೇಡಿ. ಕಾಲೇಜಿಗೆ ಹೋಗಿ ಮರುಎಣಿಕೆ ಕೇಳಿ. ನಮ್ಮ ಹುಡುಗನಿಗೂ ಹೀಗೇ ಒಂದು ಪುಟದ ಅಂಕ ಕೂಡಿಸುವುದನ್ನೇ ಮರೆತಿದ್ದರು, ಕೇಳಿದ ಮೇಲೆ ಸರಿ ಮಾಡಿಕೊಟ್ಟರು.

ಹಾಸನದ ಪೋಷಕಿ

ಅಂಕ ಕೂಡಿಸಿದ್ದು ಸರಿಯಾಗಿಯೇ ಇದೆ ಸರ್. ನನ್ನ ಪ್ರಶ್ನೆ ಬೇರೆ. ರಾಘು ಅವರೇ, ಕೆಳಗಿನಿಂದ ಓದಬೇಕು ಎಂದಿರಿ. ಹಾಗಾದರೆ 0.8125ರಲ್ಲಿ ಮೇಲಿನಿಂದ ಓದಿದ್ದು ಹೇಗೆ ಸರಿಯಾಯಿತು? ಮತ್ತೆ ಆ ತಾಳೆ ಯಾಕೆ ಹೊಂದಿತು?

ಲೆಕ್ಕದ ಮೇಷ್ಟ್ರು

ತಾಳೆ ಹೊಂದಿದ್ದೇ ಇಲ್ಲಿ ಎಲ್ಲರೂ ಗಮನಿಸಬೇಕಾದ ವಿಷಯ. ನಿಮ್ಮ ಮಗಳು ಉತ್ತರವನ್ನು ತಲೆಕೆಳಗಾಗಿ ಬರೆದಳು. ಆಮೇಲೆ ಸ್ಥಾನ ಬೆಲೆಗಳನ್ನೂ ತಲೆಕೆಳಗಾಗಿ, ಅಂದರೆ ಎಡಗಡೆಯಿಂದ 1, 2, 4 ಎಂದು ಕೊಟ್ಟಳು. ಎರಡೂ ಒಂದೇ ದಿಕ್ಕಿಗೆ ತಿರುಗಿದ್ದರಿಂದ ಒಂದು ತಪ್ಪು ಇನ್ನೊಂದನ್ನು ಮುಚ್ಚಿತು. ಅದೇ 01011 ಅನ್ನು ಬೇರೆ ಯಾರಾದರೂ ಓದಿದರೆ ಬಲತುದಿಯಿಂದ 1, 2, 4, 8 ಎಂದು ಲೆಕ್ಕ ಹಾಕುತ್ತಾರೆ. ಆಗ 1 + 2 + 8 = 11. ಮೌಲ್ಯಮಾಪಕರಿಗೆ ಕಂಡದ್ದು 11.

ಭಾಗಾಕಾರದಲ್ಲಿ ಏನು ನಡೆಯುತ್ತದೆ ಎಂದು ನಿಧಾನವಾಗಿ ನೋಡಿ. 26 ತೆಂಗಿನಕಾಯಿ ಇವೆ ಎಂದುಕೊಳ್ಳಿ. ಜೋಡಿ ಮಾಡಿದರೆ 13 ಜೋಡಿ, ಒಂಟಿ ಉಳಿಯಲಿಲ್ಲ. ಆ ಸೊನ್ನೆ ಬಿಡಿ ಸ್ಥಾನದ್ದು. 13 ಜೋಡಿಗಳನ್ನು ಮತ್ತೆ ಜೋಡಿಸಿದರೆ ನಾಲ್ಕರ ಗುಂಪು 6, ಒಂದು ಜೋಡಿ ಮಿಕ್ಕಿತು. ಆ 1 ಎರಡರ ಸ್ಥಾನದ್ದು. 6 ನಾಲ್ಕುಗಳಿಂದ 3 ಎಂಟುಗಳು, ಏನೂ ಮಿಗಲಿಲ್ಲ. 3 ಎಂಟುಗಳಿಂದ ಒಂದು ಹದಿನಾರು, ಒಂದು ಎಂಟು ಮಿಕ್ಕಿತು. ಕೊನೆಗೆ ಆ ಒಂದು ಹದಿನಾರು. ಹಾಗಾಗಿ ಮೊದಲು ಹೊರಬರುವ ಶೇಷ ಎಲ್ಲಕ್ಕಿಂತ ಚಿಕ್ಕ ಸ್ಥಾನದ್ದು, ಕೊನೆಗೆ ಬರುವುದು ಎಲ್ಲಕ್ಕಿಂತ ದೊಡ್ಡದು. ನಾವು ದೊಡ್ಡದನ್ನು ಎಡಕ್ಕೆ ಬರೆಯುವುದರಿಂದ ಕೊನೆಯದನ್ನು ಮೊದಲು ಬರೆಯಬೇಕು. 16 + 8 + 2, ಅಂದರೆ 11010.

9 ಮತ್ತು 45 ಯಾಕೆ ಸರಿಯಾದವು? 9 ಅಂದರೆ 1001, 45 ಅಂದರೆ 101101. ಎರಡನ್ನೂ ಯಾವ ಕಡೆಯಿಂದ ಓದಿದರೂ ಒಂದೇ. ಪ್ರಶ್ನೆಪತ್ರಿಕೆ ಮಾಡಿದವರು ಇದನ್ನು ಗಮನಿಸಬೇಕಿತ್ತು ಎಂದು ನನ್ನ ಅಭಿಪ್ರಾಯ. ಇಂಥ ಸಂಖ್ಯೆ ಕೊಟ್ಟರೆ ತಪ್ಪು ಮಾಡುವವರಿಗೂ ಅಂಕ ಸಿಗುತ್ತದೆ, ತಪ್ಪು ಗಟ್ಟಿಯಾಗುತ್ತದೆ.

ಕೋಡ್ ಹುಡುಗ

ಆದರೆ ಮೇಷ್ಟ್ರೇ, ಎಡದಿಂದ ಚಿಕ್ಕದು ಶುರು ಮಾಡುವುದು ತಪ್ಪು ಎಂದು ಹೇಗೆ ಹೇಳುತ್ತೀರಿ? ನಮ್ಮ ಲ್ಯಾಪ್‌ಟಾಪ್ ಎಲ್ಲ ಲಿಟಲ್ ಎಂಡಿಯನ್. ಇಂಟೆಲ್ ಪ್ರೊಸೆಸರ್ ಒಳಗೆ ಸಂಖ್ಯೆ ಉಲ್ಟಾನೇ ಇರುತ್ತದೆ. ಅಂದರೆ 01011 ಕೂಡ ಸರಿ ಉತ್ತರವೇ. ವಾದ ಮಾಡಿದರೆ ಅಂಕ ಕೊಡಲೇಬೇಕು.

ಸೀರಿಯಲ್ ಪೋರ್ಟ್

ಇಲ್ಲ ತಮ್ಮಾ. ಲಿಟಲ್ ಎಂಡಿಯನ್ ಎಂದರೆ ಬೈಟ್‌ಗಳ ಕ್ರಮ, ಬಿಟ್‌ಗಳದ್ದಲ್ಲ. 0x1234 ಅನ್ನು ಇಟ್ಟರೆ ಮೆಮೊರಿಯಲ್ಲಿ ಮೊದಲು 34, ಆಮೇಲೆ 12 ಇರುತ್ತದೆ. 34 ಎಂಬ ಬೈಟ್ 43 ಆಗುವುದಿಲ್ಲ. 26 ಒಂದೇ ಬೈಟ್‌ನಲ್ಲಿ ಹಿಡಿಸುತ್ತದೆ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಬಿಟ್‌ಗಳೇ ಹಿಂದುಮುಂದಾಗಿ ಕಾಣುವ ಜಾಗ ಬೇಕಾದರೆ, ಒಂದೇ ತಂತಿಯಲ್ಲಿ ಬಿಟ್‌ಗಳನ್ನು ಒಂದೊಂದಾಗಿ ಕಳಿಸುವ ಯುಎಆರ್‌ಟಿ ನೋಡು. ನನ್ನ ಕೆಲಸವೇ ಅದು. ಸೀರಿಯಲ್ ಲೈನ್‌ನಲ್ಲಿ ಚಿಕ್ಕ ಸ್ಥಾನದ ಬಿಟ್ ಮೊದಲು ಹೋಗುತ್ತದೆ. A ಅಕ್ಷರ ಕಳಿಸಿದರೆ ಅದು 0x41, ಬರೆದರೆ 01000001. ಆದರೆ ಆಸಿಲೋಸ್ಕೋಪ್ ಪರದೆಯಲ್ಲಿ ಸಮಯ ಎಡದಿಂದ ಬಲಕ್ಕೆ ಓಡುತ್ತದೆ, ಹಾಗಾಗಿ ಸ್ಟಾರ್ಟ್ ಬಿಟ್ ಆದಮೇಲೆ 1, 0, 0, 0, 0, 0, 1, 0 ಎಂದು ಕಾಣುತ್ತದೆ. ಹೊಸಬರು ಅದನ್ನು ಹಾಗೆಯೇ ಬರೆದುಕೊಂಡು 0x82 ಬಂತು, ಬೋರ್ಡ್ ಕೆಟ್ಟಿದೆ ಎನ್ನುತ್ತಾರೆ. ಬೋರ್ಡ್ ಸರಿಯಾಗಿಯೇ ಇರುತ್ತದೆ. ಬಂದ ಕ್ರಮ ಬೇರೆ, ಕಾಗದದ ಮೇಲೆ ಬರೆಯುವ ಕ್ರಮ ಬೇರೆ. ಭಾಗಾಕಾರದ ಶೇಷಗಳಲ್ಲಿ ಆಗುವುದೂ ಇದೇ.

ಕೋಡ್ ಹುಡುಗ

ಸರಿ ಅಣ್ಣಾ, ಬೈಟ್ ವಿಷಯ ಒಪ್ಪಿದೆ. ಪೈಥಾನ್‌ನಲ್ಲಿ ನೋಡಿದೆ, ಅದೂ ಮೇಷ್ಟ್ರು ಹೇಳಿದ್ದನ್ನೇ ಹೇಳುತ್ತದೆ.

```
>>> bin(26)
'0b11010'
>>> int('01011', 2)
11
```

ಹಾಗಿದ್ದರೆ ಸುಲಭ ಉಪಾಯ ಇದೆ. ಮೇಲಿನಿಂದಲೇ ಬರೆಯಲಿ, ಕೊನೆಗೆ ಉತ್ತರವನ್ನು ತಿರುಗಿಸಲಿ. ಎಲ್ಲ ಪದ್ಧತಿಗೂ ಆಗುತ್ತದೆ.

ರಾಘು_ತುಮಕೂರು

ಹೆಕ್ಸ್‌ನಲ್ಲಿ ಆಗುವುದಿಲ್ಲ. 2479 ತೆಗೆದುಕೋ. 16ರಿಂದ ಭಾಗಿಸಿದರೆ 154, ಶೇಷ 15. ಮತ್ತೆ 9, ಶೇಷ 10. ಕೊನೆಗೆ ಶೇಷ 9. ಮೇಲಿನಿಂದ ಸಾಲಾಗಿ ಬರೆದರೆ 15109. ಅದನ್ನು ತಿರುಗಿಸಿದರೆ 90151. ಇದು ನಮಗೆ ಬೇಕಾದ ಸಂಖ್ಯೆಯೇ ಅಲ್ಲ. ಪ್ರತಿ ಶೇಷದ ಪಕ್ಕದಲ್ಲೇ ಮೊದಲು 15ಕ್ಕೆ F, 10ಕ್ಕೆ A ಎಂದು ಬರೆದುಕೊಂಡು ಆಮೇಲೆ ಕೆಳಗಿನಿಂದ ಓದಿದರೆ 9AF. 9×256 + 10×16 + 15, ಸರಿಯಾಗಿ 2479. ಅಕ್ಷರ ಮಾಡಿಕೊಂಡು ಉಲ್ಟಾ ಓದಿದವರು FA9 ಬರೆಯುತ್ತಾರೆ, ಅದು 4009.

ಕೋಡ್ ಹುಡುಗ

ಹೌದಲ್ಲ, ಎರಡಂಕಿ ಶೇಷವನ್ನು ಯೋಚಿಸಲೇ ಇಲ್ಲ. ಪ್ರೋಗ್ರಾಂನಲ್ಲಿ ಮಾಡುವಾಗ ತಿರುಗಿಸುವ ಗೋಜೇ ಬೇಡ, ಹೊಸ ಶೇಷವನ್ನು ಎಡಗಡೆ ಅಂಟಿಸಿದರೆ ಆಯಿತು.

```
n = 26
s = ""
while n > 0:
    s = str(n % 2) + s
    n = n // 2
print(s)
```

ನಮ್ಮ ಲ್ಯಾಬ್‌ನಲ್ಲಿ ಅರ್ಧ ಜನ `s + str(n % 2)` ಎಂದು ಬರೆದು 01011 ತೋರಿಸುತ್ತಾರೆ. ಈ ಸಾಲು ಒಂದೇ ವ್ಯತ್ಯಾಸ.

ಹಾಸನದ ಪೋಷಕಿ

ತೆಂಗಿನಕಾಯಿ ಲೆಕ್ಕ ನನಗೂ ಅರ್ಥವಾಯಿತು ಮೇಷ್ಟ್ರೇ, ತುಂಬಾ ಧನ್ಯವಾದ. ಮಗಳು ಪಕ್ಕದಲ್ಲೇ ಕೂತಿದ್ದಾಳೆ. ಅವಳ ಪ್ರಶ್ನೆ ಇನ್ನೂ ಹಾಗೇ ಇದೆ. 0.8125 ಮೇಲಿನಿಂದ ಕೆಳಕ್ಕೆ, 26 ಕೆಳಗಿನಿಂದ ಮೇಲಕ್ಕೆ. ಪರೀಕ್ಷೆಯಲ್ಲಿ ಯಾವುದಕ್ಕೆ ಯಾವ ಬಾಣ ಎಂದು ಮತ್ತೆ ಮರೆತರೆ? ಬಾಯಿಪಾಠ ಮಾಡುವುದು ಬಿಟ್ಟು ಬೇರೆ ದಾರಿ ಇಲ್ವಾ?

ಲೆಕ್ಕದ ಮೇಷ್ಟ್ರು

ಇದೆ. ಬಾಣವನ್ನೇ ಬಿಟ್ಟುಬಿಡಲಿ. ಬಿಂದುವನ್ನು ಹಿಡಿದುಕೊಳ್ಳಲಿ.

0.8125 ಅನ್ನು 2ರಿಂದ ಗುಣಿಸಿದರೆ 1.625. ಆ 1 ಏನು ಹೇಳುತ್ತದೆ? ಇದರಲ್ಲಿ ಒಂದು ಅರ್ಧ ಇದೆ ಎಂದು. ಉಳಿದ 0.625 ಗುಣಿಸಿದರೆ 1.25, ಒಂದು ಕಾಲು ಇದೆ. 0.25 ಗುಣಿಸಿದರೆ 0.5, ಎಂಟನೇ ಒಂದು ಭಾಗ ಇಲ್ಲ. 0.5 ಗುಣಿಸಿದರೆ 1, ಹದಿನಾರನೇ ಒಂದು ಭಾಗ ಇದೆ. ಹಾಗಾಗಿ .1101. ಇಲ್ಲಿ ದೊಡ್ಡದು ಮೊದಲು ಬರುತ್ತದೆ. ಭಾಗಾಕಾರದಲ್ಲಿ ಚಿಕ್ಕದು ಮೊದಲು ಬರುತ್ತದೆ. ಅದಕ್ಕೇ ಬಾಣಗಳು ಎದುರುಬದುರು.

ಆದರೆ ಎರಡರಲ್ಲೂ ಒಂದು ವಿಷಯ ಸಮಾನ. ಮೊದಲು ಹೊರಬರುವ ಅಂಕಿ ಬಿಂದುವಿನ ಪಕ್ಕದ್ದು. ಅರ್ಧದ ಸ್ಥಾನ ಬಿಂದುವಿನ ಬಲಪಕ್ಕ, ಬಿಡಿ ಸ್ಥಾನ ಎಡಪಕ್ಕ. ಕಾಗದದ ನಡುವೆ ಮೊದಲು ಒಂದು ಬಿಂದು ಹಾಕಲಿ. ಭಾಗಿಸಿದಾಗ ಬರುವ ಶೇಷವನ್ನು ಬಂದ ಹಾಗೇ ಬಿಂದುವಿನಿಂದ ಎಡಕ್ಕೆ ಸರಿಯುತ್ತಾ ಬರೆಯಲಿ. ಗುಣಿಸಿದಾಗ ಬರುವುದನ್ನು ಬಲಕ್ಕೆ ಸರಿಯುತ್ತಾ ಬರೆಯಲಿ. 26.8125 ಅಂದರೆ 11010.1101 ತಾನಾಗಿಯೇ ಕೂರುತ್ತದೆ. ತಿರುಗಿಸುವುದೂ ಇಲ್ಲ, ಬಾಣವೂ ಇಲ್ಲ.

ಆಕ್ಟಲ್ ಗುಂಪು ಮಾಡುವಾಗಲೂ ಬಿಂದುವೇ. 1011010ರಲ್ಲಿ ಬಿಂದು ಬರೆದಿಲ್ಲ, ಆದರೆ ಬಲತುದಿಯಲ್ಲಿ ಇದೆ. ಅಲ್ಲಿಂದ ಮೂರು ಮೂರು ಕತ್ತರಿಸಿದರೆ 1, 011, 010. ಉತ್ತರ 132, ಅಂದರೆ 64 + 24 + 2 = 90. ನಿಮ್ಮ ಮಗಳು ಎಡದಿಂದ ಕತ್ತರಿಸಿ 101, 101, 0 ಮಾಡಿದ್ದಾಳೆ. 550 ಅಂದರೆ 320 + 40 = 360. 90ರ ಸರಿಯಾಗಿ ನಾಲ್ಕು ಪಟ್ಟು, ನೋಡಿ. ಕೊನೆಯ ಒಂಟಿ ಸೊನ್ನೆಯನ್ನು ಒಂದು ಪೂರ್ತಿ ಗುಂಪು ಎಂದುಕೊಂಡಾಗ ಅವಳಿಗೇ ಗೊತ್ತಿಲ್ಲದೆ ಬಲಕ್ಕೆ ಎರಡು ಸೊನ್ನೆ ಸೇರಿದವು. ಬೈನರಿಯಲ್ಲಿ ಬಲಕ್ಕೆ ಒಂದು ಸೊನ್ನೆ ಸೇರಿಸಿದರೆ ಸಂಖ್ಯೆ ಎರಡರಷ್ಟಾಗುತ್ತದೆ, ಎರಡು ಸೇರಿಸಿದರೆ ನಾಲ್ಕರಷ್ಟು.

ಡಿಪ್ಲೊಮಾ ಇ ಅಂಡ್ ಸಿ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಿಂದುವಿನ ಬಲಕ್ಕೆ ಗುಂಪು ಮಾಡುವಾಗ ಹುಡುಗರು ಇನ್ನೊಂದು ಕಡೆ ಎಡವುತ್ತಾರೆ. .1101 ಅನ್ನು 110 ಮತ್ತು 1 ಎಂದು ಸರಿಯಾಗಿಯೇ ಕತ್ತರಿಸಿ, ಆ 1 ಅನ್ನು 001 ಮಾಡಿ .61 ಎಂದು ಬರೆಯುತ್ತಾರೆ. ಸೊನ್ನೆ ತುಂಬುವುದು ಬಿಂದುವಿನಿಂದ ದೂರದ ತುದಿಗೆ. ಬಲಗಡೆ ಆ ತುದಿ ಬಲಕ್ಕಿದೆ, ಹಾಗಾಗಿ 100. ಉತ್ತರ .64. 6/8 + 4/64 ಅಂದರೆ 0.8125, ತಾಳೆ ಆಯಿತು. .61 ಅಂದರೆ 0.765625 ಆಗಿಬಿಡುತ್ತದೆ. ಹೆಕ್ಸ್‌ಗೆ ನಾಲ್ಕು ನಾಲ್ಕು, ಅಲ್ಲಿ .1101 ಪೂರ್ತಿ ಒಂದು ಗುಂಪು, .D, ಏನೂ ತುಂಬಬೇಕಿಲ್ಲ.

ಕನ್ನಡ ಮೇಡಂ

ನಾನು ಕಂಪ್ಯೂಟರ್ ಓದಿದವಳಲ್ಲ, ಛಂದಸ್ಸು ಪಾಠ ಮಾಡುತ್ತೇನೆ. ಎಡದಿಂದ 1, 2, 4 ಎಂದು ಬರೆಯುವುದು ನೋಡಿ, ಗುರು ಲಘುಗಳ ಎಲ್ಲ ಜೋಡಣೆಗಳನ್ನೂ ಸಾಲುಸಾಲಾಗಿ ಬರೆಯುವ ಪ್ರಸ್ತಾರ ನೆನಪಾಯಿತು, ಅದಕ್ಕೆ ಬರೆಯುತ್ತಿದ್ದೇನೆ.

ಮೂರಕ್ಷರದ ಗಣಗಳ ಪ್ರಸ್ತಾರದಲ್ಲಿ ಮೊದಲ ಸಾಲು ಗುರು ಗುರು ಗುರು. ಎರಡನೆಯದು ಲಘು ಗುರು ಗುರು. ಮೂರನೆಯದು ಗುರು ಲಘು ಗುರು. ಎಡಗಡೆಯ ಅಕ್ಷರ ಪ್ರತಿ ಸಾಲಿಗೂ ಬದಲಾಗುತ್ತದೆ, ಬಲಗಡೆಯದು ನಿಧಾನ. ಒಂದು ಗಣ ಎಷ್ಟನೇ ಸಾಲಿನಲ್ಲಿದೆ ಎಂದು ತಿಳಿಯಲು ಉದ್ದಿಷ್ಟ ಎಂಬ ಕ್ರಮವಿದೆ. ಅಕ್ಷರಗಳ ಮೇಲೆ ಎಡದಿಂದ 1, 2, 4 ಎಂದು ಬರೆದು, ಲಘುವಿನ ಮೇಲಿರುವುದನ್ನು ಕೂಡಿಸಿ ಒಂದು ಸೇರಿಸಬೇಕು. ಲಘು ಗುರು ಲಘು, ಅಂದರೆ ಜಗಣ, 1 + 4 + 1 = 6. ಆರನೇ ಸಾಲು. ನಿಮ್ಮ ಹುಡುಗಿ ಮಾಡಿದ್ದು ಇಲ್ಲಿ ಸರಿಯಾದ ಕ್ರಮವೇ!

ಸೀರಿಯಲ್ ಪೋರ್ಟ್

ಮೇಡಂ, ಇದು ಗೊತ್ತೇ ಇರಲಿಲ್ಲ. ಲಘುವಿಗೆ 1, ಗುರುವಿಗೆ 0 ಇಟ್ಟರೆ ನಿಮ್ಮ ಪ್ರಸ್ತಾರ ಸೊನ್ನೆಯಿಂದ ಏಳರವರೆಗಿನ ಬೈನರಿಯೇ, ಚಿಕ್ಕ ಸ್ಥಾನ ಎಡಕ್ಕೆ ಇಟ್ಟದ್ದು. ಸೊನ್ನೆಯಿಂದ ಶುರುವಾಗುವುದರಿಂದ ಕೊನೆಗೆ ಒಂದು ಸೇರಿಸುತ್ತೀರಿ.

ಬಯಲುಸೀಮೆ

ನೋಡಿ, ಹಾಗಾದರೆ ಎಡದಿಂದ ಓದುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ. ಅದನ್ನೇ ಪೇಪರ್ ಜೊತೆ ತೋರಿಸಿ ಅಂಕ ಕೇಳಿ.

ಲೆಕ್ಕದ ಮೇಷ್ಟ್ರು

ಕೇಳಬಾರದು. ಪ್ರಸ್ತಾರದಲ್ಲಿ ಎಲ್ಲರೂ ಎಡದಿಂದ ಓದುತ್ತಾರೆ, ಹಾಗಾಗಿ ಅಲ್ಲಿ ಗೊಂದಲವಿಲ್ಲ. ಪಠ್ಯದಲ್ಲಿ ಎಲ್ಲರೂ ಬಲದಿಂದ ಓದುತ್ತಾರೆ. 26 ಎಂದು ಬರೆದಾಗ 6 ಬಿಡಿ ಸ್ಥಾನದಲ್ಲಿದೆ ಎಂದು ಮಗು ಒಪ್ಪಿಕೊಂಡೇ ಲೆಕ್ಕ ಶುರು ಮಾಡಿದೆ. ಉತ್ತರಕ್ಕೆ ಮಾತ್ರ ಬೇರೆ ನಿಯಮ ಇಡಲಾಗದು.

ಡಿಪ್ಲೊಮಾ ಇ ಅಂಡ್ ಸಿ

ಅದು ಸರಿ. ಆದರೆ ಪೂರ್ತಿ ಸೊನ್ನೆ ಕೊಟ್ಟದ್ದು ನನಗೆ ಒಪ್ಪಿಗೆಯಿಲ್ಲ. ಭಾಗಾಕಾರ ಪೂರ್ತಿ ಸರಿ ಇದೆ, ಐದೂ ಶೇಷ ಸರಿ ಇವೆ. ಸ್ಟೆಪ್‌ಗೆ ಅಂಕ ಕೊಡಬೇಕು. ಕೊನೆಯ ಸಾಲಿಗೆ ಮಾತ್ರ ಕಳೆಯಬೇಕು.

ರಾಘು_ತುಮಕೂರು

ನಾನು ಒಪ್ಪುವುದಿಲ್ಲ ಸರ್. 2ರಿಂದ ಭಾಗಿಸುವುದು ಪ್ರಾಥಮಿಕ ಶಾಲೆಯ ಲೆಕ್ಕ. ಈ ಪಾಠದಲ್ಲಿ ಕಲಿಯಬೇಕಾದ್ದೇ ಯಾವ ಶೇಷ ಯಾವ ಸ್ಥಾನಕ್ಕೆ ಎಂಬುದು. ಅದೇ ತಪ್ಪಿದರೆ ಯಾವುದಕ್ಕೆ ಅಂಕ?

ಡಿಪ್ಲೊಮಾ ಇ ಅಂಡ್ ಸಿ

ಗೀಟು ಎಳೆದು ಸುಮ್ಮನಾದರೆ ಮಗುವಿಗೆ ಏನು ತಿಳಿಯುತ್ತದೆ? ತಾಳೆ ನೋಡಿದ್ದನ್ನು ಕಂಡಾದರೂ "ಬಲದಿಂದ" ಎಂದು ಒಂದು ಮಾತು ಬರೆಯಬಹುದಿತ್ತು. ಅದನ್ನು ನೋಡಿದವರಿಗೆ ತಪ್ಪು ಎಲ್ಲಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ರಾಘು_ತುಮಕೂರು

ಬರೆಯಬೇಕಿತ್ತು, ಅದು ನಿಜ. ಅಂಕದ ವಿಷಯದಲ್ಲಿ ನನ್ನ ಮಾತು ಅದೇ.

ಹಾಸನದ ಪೋಷಕಿ

ಅಂಕ ಹೋಗಲಿ ಬಿಡಿ, ಕಿರುಪರೀಕ್ಷೆ ತಾನೇ. ಈಗ ಬಿಂದು ಹಾಕಿ ಮಾಡುತ್ತಿದ್ದಾಳೆ, 26 ಸರಿ ಬಂತು. ಅವಳೇ ಒಂದು ವಿಷಯ ಕಂಡುಕೊಂಡಿದ್ದಾಳೆ. ಉಲ್ಟಾ ಬರೆದರೆ ಉತ್ತರ ಸೊನ್ನೆಯಿಂದ ಶುರುವಾಗುತ್ತದೆ, ಹಾಗೆ ಕಂಡರೆ ತಪ್ಪು ಎಂದು ಗೊತ್ತಾಗುತ್ತದೆ ಎನ್ನುತ್ತಾಳೆ. ಇದನ್ನು ನಂಬಬಹುದಾ?

ಲೆಕ್ಕದ ಮೇಷ್ಟ್ರು

ಚೆನ್ನಾಗಿ ಗಮನಿಸಿದ್ದಾಳೆ. ಕೊನೆಯ ಭಾಗಾಕಾರದ ಶೇಷ ಯಾವಾಗಲೂ 1, ಹಾಗಾಗಿ ಸರಿ ಉತ್ತರ ಸೊನ್ನೆಯಿಂದ ಶುರುವಾಗುವುದಿಲ್ಲ. ಎಂಟು ಬಿಟ್‌ನಲ್ಲಿ ಬರೆಯಿರಿ ಎಂದು ಕೇಳಿದಾಗ ಮುಂದೆ ನಾವೇ ಸೊನ್ನೆ ಸೇರಿಸುತ್ತೇವೆ, ಅದು ಬೇರೆ ವಿಷಯ. ಆದರೆ ಈ ಗುರುತು ಸಮಸಂಖ್ಯೆಗಳಿಗೆ ಮಾತ್ರ ಸಿಗುತ್ತದೆ.

ಬೆಸಸಂಖ್ಯೆ ತಪ್ಪಿಸಿಕೊಳ್ಳುತ್ತದೆ. 25 ಮಾಡಿಸಿ ನೋಡಿ. ಶೇಷಗಳು ಮೇಲಿನಿಂದ 1, 0, 0, 1, 1. ಸರಿ ಉತ್ತರ 11001. ಉಲ್ಟಾ ಓದಿದರೆ 10011, ಅದು 19. ಎರಡೂ 1ರಿಂದ ಶುರುವಾಗಿ 1ರಲ್ಲಿ ಮುಗಿಯುತ್ತವೆ, ನೋಡಿದರೆ ಅನುಮಾನವೇ ಬರುವುದಿಲ್ಲ.

ಅದಕ್ಕೆ ಭಾಗಾಕಾರವನ್ನು ಮುಟ್ಟದ ತಾಳೆ ಬೇಕು. ದೊಡ್ಡ ಸ್ಥಾನದಿಂದ ಕಳೆಯುತ್ತಾ ಬರಲಿ. 25ರಲ್ಲಿ 16 ಹಿಡಿಸುತ್ತದೆ, 9 ಉಳಿಯಿತು. 9ರಲ್ಲಿ 8 ಹಿಡಿಸುತ್ತದೆ. ಅಂದರೆ ಎಡದಿಂದ ಮೊದಲ ಎರಡೂ ಅಂಕಿ 1 ಆಗಲೇಬೇಕು. 10011ರಲ್ಲಿ ಎರಡನೆಯದು ಸೊನ್ನೆ, ಅಲ್ಲೇ ಸಿಕ್ಕಿಬಿತ್ತು. ಸ್ಥಾನ ಬೆಲೆ ಬರೆದು ಕೂಡಿಸುವ ತಾಳೆಯೂ ಒಳ್ಳೆಯದೇ, ಆದರೆ 1 ಎಂಬುದನ್ನು ಬಿಂದುವಿನ ಪಕ್ಕದ ಅಂಕಿಗೇ ಕೊಡಬೇಕು.

ಹಾಸನದ ಪೋಷಕಿ

ಮಾಡಿಸಿದೆ. 11001 ಬಂತು, 16 + 8 + 1 ಎಂದು ಅವಳೇ ಹೇಳಿದಳು. ಅಭ್ಯಾಸಕ್ಕೆ ಇನ್ನಷ್ಟು ಸಂಖ್ಯೆ ಕೊಡಿ ಮೇಷ್ಟ್ರೇ. ಯಾವ ಕಡೆಯಿಂದ ಓದಿದರೂ ಒಂದೇ ಆಗುವಂಥದ್ದು ಬೇಡ.

ರಾಘು_ತುಮಕೂರು

ನಾನೇ ಕೊಡುತ್ತೇನೆ ಅಕ್ಕಾ. ಬೈನರಿಗೆ 39, 44, 115. ಆಕ್ಟಲ್‌ಗೆ 100, ಅದು 144 ಬರಬೇಕು, 441 ಬಂದರೆ ಉಲ್ಟಾ. ಹೆಕ್ಸ್‌ಗೆ 700, ಅದು 2BC. 21, 27, 33 ಬೇಡ, ಬೈನರಿಯಲ್ಲಿ ಎರಡೂ ಕಡೆಯಿಂದ ಒಂದೇ. ಆಕ್ಟಲ್‌ಗೆ 65 ಮತ್ತು 73, ಹೆಕ್ಸ್‌ಗೆ 170 ಬೇಡ, ಅವೂ ಹಾಗೇ.

ಕೋಡ್ ಹುಡುಗ

39 ಉಲ್ಟಾ ಓದಿದರೆ 57, ಈಗಷ್ಟೇ ಓಡಿಸಿ ನೋಡಿದೆ. 115ಕ್ಕೆ 103 ಬರುತ್ತದೆ. ಎರಡೂ ಬೆಸ, ಕಣ್ಣಿಗೆ ಕಾಣುವುದೇ ಇಲ್ಲ.